ಮೊಮ್ಮಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಪುಸ್ತಕ ತೆರೆದರೆ ನಿಂತುಬಿಡುತ್ತಾನೆ. ಏನು ಮಾಡಲಿ?

ಬಸವನಗುಡಿ ಅಜ್ಜಿ

ಎಲ್ಲರಿಗೂ ನಮಸ್ಕಾರ. ನಾನು ಗಾಂಧಿಬಜಾರಿನ ಹತ್ತಿರ ಇರುವವಳು. ಮಗಳು, ಅಳಿಯ ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಮೊಮ್ಮಗನಿಗೆ ಏಳು ವರ್ಷ. ಶಾಲೆಯಲ್ಲಿ ಪೂರ್ತಿ ಜರ್ಮನ್. ಮನೆಯಲ್ಲಿ ಕನ್ನಡ, ನನ್ನ ಜೊತೆಯೂ ಕನ್ನಡ.

ಯುಗಾದಿಯಿಂದ ಪ್ರತಿ ಶನಿವಾರ ವಿಡಿಯೊ ಕಾಲ್‌ನಲ್ಲಿ ಓದು ಕಲಿಸುತ್ತಿದ್ದೇನೆ. ನಮಗೆ ರಾತ್ರಿ ಎಂಟು, ಅವನಿಗೆ ಸಂಜೆ ನಾಲ್ಕೂವರೆ. ಅ ದಿಂದ ಳ ವರೆಗೆ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಕಾಗುಣಿತ ಮುಗಿಸಿದೆವು. ಸ್ವಲ್ಪ ನಿಧಾನ, ಆದರೆ ಖುಷಿಯಿಂದಲೇ ಕಲಿತ.

ಹೋದ ತಿಂಗಳು ಮೊದಲ ಸಲ ಕತೆ ಪುಸ್ತಕ ತೆಗೆದೆ. ಮೊದಲ ವಾಕ್ಯ: "ಅಜ್ಜಿ ತೋಟಕ್ಕೆ ಹೋಗುತ್ತಾಳೆ." ಅಜ್ಜಿ ಓದಿದ. ತೋಟಕ್ಕೆ ಓದಿದ. ಆಮೇಲೆ "ಹೋ... ಗು... ತಾ... ತ..." ಅಂತ ಎರಡು ನಿಮಿಷ ಒದ್ದಾಡಿದ. ಕೊನೆಗೆ ನಾನೇ ಓದಿ ಹೇಳಿದೆ. "ಹೋಗುತ್ತಾಳೆ ಅಂದ್ರೆ ಏನಜ್ಜಿ?" ಅಂದ. "ಹೋಗ್ತಾಳೆ ಅಂತ ಕಣೋ" ಅಂದೆ. "ಹಾಗಿದ್ರೆ ಹಾಗೇ ಯಾಕೆ ಬರೆದಿಲ್ಲ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಎರಡು ಶನಿವಾರ ಪುಸ್ತಕ ಬೇಡ ಅಂದ. ಇನ್ನೊಂದು ವಿಷಯ. ಈಚೆಗೆ ಅಮ್ಮ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾನಂತೆ. ಇದನ್ನೆಲ್ಲ ನೋಡಿದವರು ಯಾರಾದರೂ ಇದ್ದೀರಾ?

ರಘು ಶ್ರೀನಗರ

ಅಮ್ಮಾ, ಎರಡನೆಯದಕ್ಕೆ ನನಗೆ ಉತ್ತರ ಗೊತ್ತು. ನಮ್ಮಣ್ಣ ಅಮೆರಿಕದಲ್ಲಿದ್ದಾನೆ. ಮಗಳು ಇಂಗ್ಲಿಷ್‌ನಲ್ಲಿ ಮಾತಾಡಿದರೆ ಗೊತ್ತೇ ಆಗದವನ ಹಾಗೆ ಸುಮ್ನೆ ಕೂರುತ್ತಿದ್ದ. ಕನ್ನಡದಲ್ಲಿ ಕೇಳಿದರೆ ಮಾತ್ರ ಹಾಲು, ಬಿಸ್ಕತ್ತು. ಮೂರು ತಿಂಗಳಲ್ಲಿ ದಾರಿಗೆ ಬಂದಳು. ನಿಮ್ಮ ಮಗಳೂ ಗಟ್ಟಿಯಾಗಿ ನಿಲ್ಲಬೇಕು. ಭಾಷೆ ಬಂದರೆ ಓದು ತಾನಾಗೇ ಬರುತ್ತೆ.

ವರ್ತೂರು ಕೆರೆ ಕಡೆಯವಳು

ವಿದೇಶ ಯಾಕೆ, ಬೆಂಗಳೂರಲ್ಲೇ ಇದೇ ಕತೆ. ನಾವಿರುವುದು ವೈಟ್‌ಫೀಲ್ಡ್ ಹತ್ತಿರದ ಅಪಾರ್ಟ್‌ಮೆಂಟಲ್ಲಿ. ಮಗಳು ಒಂದನೇ ಕ್ಲಾಸು. ಕೆಳಗೆ ಆಟಕ್ಕೆ ಹೋದರೆ ಹಿಂದಿ, ಇಂಗ್ಲಿಷ್. ಶಾಲೆಯಲ್ಲಿ ಕನ್ನಡ ಪಾಠ ಇದೆ. ಆದರೆ ಮನೆಗೆ ಬಂದು "ಕನ್ನಡ ಹೋಂವರ್ಕ್" ಅಂತ ಇಂಗ್ಲಿಷ್‌ನಲ್ಲೇ ಅಳುತ್ತಾಳೆ. ನನಗೂ ಯಾರಾದರೂ ಹೇಳಿ. ಇವಳಿಗೆ ಓದು ಮೊದಲಾ, ಮಾತು ಮೊದಲಾ?

ನಿವೃತ್ತ ಮೇಷ್ಟ್ರು, ಮೈಸೂರು ರಸ್ತೆ

ಬಸವನಗುಡಿಯ ತಾಯಿಯವರಿಗೆ ನಮಸ್ಕಾರ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೆ ಬಹಳ ವರ್ಷ ಕಲಿಸಿದ್ದೇನೆ. ಈಗ ಹೊರದೇಶದ ನಾಲ್ಕು ಮಕ್ಕಳಿಗೆ ಕಾಲ್‌ನಲ್ಲಿ ಪಾಠ ಹೇಳುತ್ತೇನೆ. ನೀವು ಬರೆದಿರುವುದು ಅವರಲ್ಲೂ ಕಂಡಿದ್ದೇನೆ.

ನಿಮ್ಮ ಹುಡುಗನಿಗೆ ಒಂದೇ ಪದದಲ್ಲಿ ಎರಡು ತೊಡಕು ಬಂದಿವೆ. ಒಂದು ಕಣ್ಣಿನದು, ಒಂದು ಕಿವಿಯದು. ಅವನು "ತಾ... ತ" ಅಂದನಲ್ಲ, ಅದು ಕಣ್ಣಿನದು. ತ್ತಾ ಬರೆಯುವಾಗ ದೀರ್ಘ ಮೇಲಿನ ತ ಗೆ ಅಂಟಿಕೊಂಡಿರುತ್ತದೆ, ಒತ್ತು ಕೆಳಗಿರುತ್ತದೆ. ಮಗು ಕಂಡ ಹಾಗೆ ಓದುತ್ತದೆ: ಮೊದಲು ತಾ, ಆಮೇಲೆ ತ. ಇದೇ ಮಗು ಬೆಕ್ಕು ಅನ್ನುವುದನ್ನು "ಬೆ-ಕು-ಕ" ಅಂತ ಓದಬಹುದು. ದಡ್ಡತನ ಅಲ್ಲ, ಅವನು ನೀವು ಹೇಳಿಕೊಟ್ಟ ಕಾಗುಣಿತವನ್ನು ಸರಿಯಾಗೇ ಬಳಸಿದ್ದಾನೆ. ಒತ್ತು ಬಂದಾಗ ಸ್ವರ ಕೊನೆಗೆ ಹೋಗುತ್ತೆ ಅಂತ ಯಾರೂ ಹೇಳಿಲ್ಲ, ಅಷ್ಟೇ.

"ಹೋಗುತ್ತಾಳೆ ಅಂದ್ರೆ ಏನು" ಅಂದಿದ್ದು ಕಿವಿಯದು. ಆ ರೂಪವನ್ನು ಅವನು ಜೀವನದಲ್ಲೇ ಕೇಳಿಲ್ಲ. ಇಲ್ಲಿನ ಮಗುವಿಗೆ ಟಿವಿ ವಾರ್ತೆ, ಶಾಲೆಯ ಭಾಷಣ, ಬಸ್ಸಿನ ಪ್ರಕಟಣೆ ಎಲ್ಲ ಕಿವಿಗೆ ಬೀಳುತ್ತವೆ. ಅಲ್ಲಿನ ಮಗುವಿಗೆ ಅಡುಗೆಮನೆ ಕನ್ನಡ ಮಾತ್ರ.

ಯಾವುದು ಎಷ್ಟು ಅಂತ ತಿಳಿಯಲು ಈ ಶನಿವಾರ ಎರಡು ಕೆಲಸ ಮಾಡಿ. ಆ ಪುಸ್ತಕದ ಆರು ವಾಕ್ಯ ನೀವೇ ಓದಿ. ಅವನು ನೋಡುವುದು ಬೇಡ, ಕೇಳಲಿ, ತನ್ನ ಮಾತಿನಲ್ಲಿ ಹೇಳಲಿ. ಆಮೇಲೆ ಅವನಿಗೆ ಚೆನ್ನಾಗಿ ಗೊತ್ತಿರುವ ಹತ್ತು ಒತ್ತಿನ ಪದ ದೊಡ್ಡದಾಗಿ ಬರೆದು ತೋರಿಸಿ: ಅಜ್ಜಿ, ಬೆಕ್ಕು, ಅಪ್ಪ, ಹಣ್ಣು, ಅಮ್ಮ, ಅನ್ನ, ಹತ್ತು, ಇಲ್ಲ, ಹಲ್ಲು, ಚಕ್ರ. ತಿದ್ದಬೇಡಿ, ಸುಮ್ನೆ ಬರೆದಿಟ್ಟುಕೊಳ್ಳಿ.

ರಘು ಅವರೇ, ಎರಡು ವರ್ಷದ ಮಗುವಿಗೆ ನಿಮ್ಮಣ್ಣನ ಉಪಾಯ ನಡೆಯುತ್ತೆ. ಏಳು ವರ್ಷದವನಿಗೆ ಅಮ್ಮನಿಗೆ ಜರ್ಮನ್ ಬರುತ್ತೆ ಅಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸಿದರೆ ಅವನಿಗೆ ಅವಮಾನ ಆಗುತ್ತೆ, ಮಾತೇ ನಿಲ್ಲಿಸುತ್ತಾನೆ. ಭಾಷೆ ಬಂದರೆ ಓದು ತಾನಾಗಿ ಬರುವುದೂ ಇಲ್ಲ. ಬರುವುದಾಗಿದ್ದರೆ ನಮ್ಮ ಊರಲ್ಲಿ ಎಲ್ಲರೂ ಓದಬೇಕಿತ್ತು.

ರಘು ಶ್ರೀನಗರ

ಒಪ್ಪಿದೆ ಮೇಷ್ಟ್ರೇ, ಅವಳಿಗೆ ಆಗ ಎರಡೂವರೆ ವರ್ಷ. ಆದರೆ ಏಳು ವರ್ಷ ಆದಮೇಲೆ ಬಿಟ್ಟುಬಿಡುವುದಾ?

ಮಲ್ಲೇಶ್ವರಂ ಸುಮ

ರಘು ಕೇಳಿದ್ದಕ್ಕೆ. ನಾನು ಮಕ್ಕಳ ಭಾಷೆಯ ಬಗ್ಗೆ ಓದಿಕೊಂಡವಳು. ಬೆಲ್ಜಿಯಂನ ಡಚ್ ಮಾತಾಡುವ ಭಾಗದಲ್ಲಿ ಸುಮಾರು 1,900 ಮನೆಗಳಲ್ಲಿ ವಿಚಾರಿಸಿದ ಒಂದು ಅಧ್ಯಯನ 2007ರಲ್ಲಿ ಬಂತು. ಮನೆಯಲ್ಲಿ ಬೇರೆ ಭಾಷೆ ಇದ್ದರೂ ಸುಮಾರು ಕಾಲು ಭಾಗ ಮನೆಗಳ ಮಕ್ಕಳು ಅದನ್ನು ಆಡುತ್ತಿರಲಿಲ್ಲ. ತಂದೆತಾಯಿ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನೇ ಆಡುವ ಕಡೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಆಡುತ್ತಿದ್ದರು. ಹಾಗಾಗಿ ಅಜ್ಜಿ, ಹುಡುಗ ಏನು ಮಾತಾಡುತ್ತಾನೆ ಅನ್ನುವುದಕ್ಕಿಂತ ಮಗಳು ಅಳಿಯ ತಮ್ಮ ತಮ್ಮಲ್ಲಿ ಏನು ಮಾತಾಡುತ್ತಾರೆ ಅಂತ ಮೊದಲು ಕೇಳಿ.

ಹುಡುಗನ ಜೊತೆ ನಟನೆ ಬೇಡ. ಅವನು ಜರ್ಮನ್‌ನಲ್ಲಿ ಹಾಲು ಕೇಳಿದರೆ "ಹಾಲು ಬೇಕಾ? ಬಿಸೀದಾ ತಣ್ಣಗಿರೋದಾ?" ಅಂತ ಕೇಳಲಿ. ಆಗ ಪದ ಅವನ ಬಾಯಿಗೆ ಹತ್ತಿರದಲ್ಲೇ ಇರುತ್ತೆ, ಉತ್ತರ ಸುಲಭ.

ಬಸವನಗುಡಿ ಅಜ್ಜಿ

ಮೇಷ್ಟ್ರು ಹೇಳಿದಂತೆ ಮಾಡಿದೆ. ಆರು ವಾಕ್ಯದಲ್ಲಿ ಮೂರು ಗೊತ್ತಾಯಿತು. "ಮರದ ಕೆಳಗೆ ಒಂದು ಬೆಕ್ಕು ಇದೆ" ತಕ್ಷಣ ಹೇಳಿದ. "ಬೆಕ್ಕು ಹಾಲನ್ನು ಕುಡಿಯುತ್ತದೆ" ಅಂದಾಗ "ಹಾಲಿಗೆ ಏನಾಯ್ತು?" ಅಂದ. ಹಾಲನ್ನು ಅನ್ನುವುದೇ ಅವನಿಗೆ ಹೊಸದು. ನಾವು ಹಾಲು ಕುಡೀತು ಅನ್ನುತ್ತೇವೆ ತಾನೆ.

ಪದಗಳಲ್ಲಿ ಅಜ್ಜಿ, ಬೆಕ್ಕು, ಅಪ್ಪ, ಹಣ್ಣು, ಅಮ್ಮ ಸರಿ. ಅನ್ನ, ಹತ್ತು, ಇಲ್ಲ, ಹಲ್ಲು, ಚಕ್ರ ಒಂದೂ ಬರಲಿಲ್ಲ. ದಿನಾ ಅನ್ನ ತಿನ್ನುವ ಹುಡುಗ "ಅನ" ಅಂದ, ಕೆಳಗೆ ಏನೋ ಗೀಚಿದ್ದೀರಿ ಅಂದ.

ಸುಮ ಅವರೇ, ಮಗಳನ್ನು ಕೇಳಿದೆ. ಇಬ್ಬರೂ ಕನ್ನಡವೇ, ಆದರೆ ಹೋಂವರ್ಕ್ ಹೊತ್ತಲ್ಲಿ ಜರ್ಮನ್. ಹೋಂವರ್ಕ್ ಮುಗಿದ ಮೇಲೂ ಅದೇ ಮುಂದುವರಿಯುತ್ತಂತೆ, ರಾತ್ರಿ ಊಟದವರೆಗೂ.

ನಿವೃತ್ತ ಮೇಷ್ಟ್ರು, ಮೈಸೂರು ರಸ್ತೆ

ನೋಡಿ, ಎಷ್ಟು ಸ್ಪಷ್ಟವಾಗಿ ಬಂತು! ಜ್ಜ, ಕ್ಕ, ಪ್ಪ, ಣ್ಣ ಇವುಗಳಲ್ಲಿ ಒತ್ತು ಆ ಅಕ್ಷರದ ಹಾಗೇ ಕಾಣುತ್ತೆ, ತಲೆಕಟ್ಟು ಇರುವ ಅಕ್ಷರವಾದರೆ ಅದೊಂದು ಬರುವುದಿಲ್ಲ ಅಷ್ಟೇ. ಮಗು ಊಹೆ ಮಾಡಬಹುದು. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರಕ್ಕೆ ಹೋಲುವುದೇ ಇಲ್ಲ. ಆದರೆ ನಮ್ಮ ಮಾತಲ್ಲಿ ಜಾಸ್ತಿ ಬರುವುದೇ ಈ ಒತ್ತುಗಳು. ಇಲ್ಲ, ಅಲ್ಲಿ, ನನ್ನ, ನಿನ್ನ, ಮತ್ತೆ, ಹೋಗುತ್ತಾನೆ. ಒಂದು ಪುಟ ತೆಗೆದರೆ ಸಾಲಿಗೊಂದು ಸಿಗುತ್ತೆ.

ಅಮ್ಮ ಓದಿದನಲ್ಲ, ಅದನ್ನು ನಂಬಬೇಡಿ. ಅದು ಚಿತ್ರದಂತೆ ನೆನಪಿರುವ ಪದ. ತಮ್ಮ ಅಂತ ಬರೆದು ತೋರಿಸಿ, ಗೊತ್ತಾಗುತ್ತೆ.

ಇನ್ನು ಆರು ವಾರ ಪುಸ್ತಕ ಬದಿಗಿಡಿ. ವಾರಕ್ಕೆ ಒಂದೇ ಒತ್ತು. ಮೊದಲು ಲ: ಇಲ್ಲ, ಹಲ್ಲು, ಕಲ್ಲು, ಬೆಲ್ಲ, ಮೆಲ್ಲಗೆ. ಎಲ್ಲ ಪದವೂ ಅವನ ಬಾಯಲ್ಲಿ ಈಗಾಗಲೇ ಇರುವಂಥದ್ದಾಗಿರಬೇಕು. ಬೆರಳು ಇಟ್ಟು ಓದಿಸಿ. ಮೇಲಿನ ಅಕ್ಷರದ ಮೇಲೆ ಬೆರಳು, ಆಗ ಬಾಯಿ ತಡೆದು ನಿಲ್ಲಬೇಕು. ಕೆಳಗಿನ ಒತ್ತಿಗೆ ಬೆರಳು ಇಳಿದಾಗ ಬಿಡಬೇಕು. ಸ್ವರ ಕೊನೆಗೆ. ಜೊತೆಗೆ ಕತೆ-ಕತ್ತೆ, ಎಲೆ-ಎಲ್ಲ ಅಂತ ಜೋಡಿ ಹೇಳಿಸಿ. "ಅಜ್ಜಿ ಕತೆ ಹೇಳಿದಳು, ಅಜ್ಜಿ ಕತ್ತೆ ಹೇಳಿದಳು" ಅಂದರೆ ಮಕ್ಕಳು ನಕ್ಕು ನಕ್ಕು ಕಲಿಯುತ್ತಾರೆ. ರ ಒತ್ತು ಕೊನೆಗೆ ಇಡಿ. ಅರ್ಕಾವೊತ್ತು ಈಗ ಬೇಡವೇ ಬೇಡ. ಸೂರ್ಯ ಅನ್ನುವುದನ್ನು ಮಕ್ಕಳು "ಸೂ-ಯ-ರ್" ಅಂತ ಓದುತ್ತಾರೆ, ಯಾಕೆಂದರೆ ಅಲ್ಲಿ ಮೊದಲು ಹೇಳುವ ರ ಕೊನೆಗೆ ಕಾಣುತ್ತೆ. ಅದಕ್ಕೆ ಬೇರೆ ಸಮಯ ಬೇಕು.

ವರ್ತೂರಿನ ತಾಯಿಯವರೇ, ನಿಮ್ಮದು ಬೇರೆ ಪ್ರಶ್ನೆ. ನಿಮ್ಮ ಮಗಳಿಗೆ ಮಾತೇ ಇನ್ನೂ ಕೂತಿಲ್ಲ ಅನಿಸುತ್ತೆ. ಗೊತ್ತಿಲ್ಲದ ಪದ ಓದಿಸಿದರೆ ಅದು ಬರೀ ಶಬ್ದ. ಮೊದಲು ಮಾತು. ಅಕ್ಷರ ಶುರುಮಾಡುವಾಗ ಅ ಆ ಇ ಈ ಸಾಲಿನಿಂದ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಅಂತ ಮೊದಲ ಗುಂಪು. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ ಬಂದರೆ ಮರ, ದನ, ಮಗ, ಬಸವ. ಎರಡನೇ ವಾರಕ್ಕೇ ಮಗು "ನಾನು ಓದಿದೆ" ಅನ್ನುತ್ತೆ.

ಫ್ರಾಂಕ್‌ಫರ್ಟ್ ಹಾಸನ

ಆಂಟಿ, ನಾನೂ ಜರ್ಮನಿಯಲ್ಲಿದ್ದೇನೆ. ಈಗ ರಜಕ್ಕೆ ಬೆಂಗಳೂರಿಗೆ ಬಂದಿದ್ದೇನೆ. ಒಂದು ಕಾರಣ ಮೇಷ್ಟ್ರಿಗೆ ಗೊತ್ತಿರಲಿಕ್ಕಿಲ್ಲ. ಜರ್ಮನ್‌ನಲ್ಲೂ ಒಂದೇ ಅಕ್ಷರ ಎರಡು ಸಲ ಬರೆಯುತ್ತಾರೆ, ಆದರೆ ಅದರ ಅರ್ಥ ಹಿಂದಿನ ಸ್ವರ ಚಿಕ್ಕದು ಅಂತ. ವ್ಯಂಜನವನ್ನು ಒತ್ತಿ ಹೇಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಅನ್ನ ನೋಡಿ "ಅನ" ಅನ್ನುವುದು ಸಹಜ. ನನ್ನ ಮಗಳೂ ಹಾಗೇ.

ಪುಸ್ತಕ ಬದಿಗಿಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾವು ಬೇರೆ ದಾರಿ ಹಿಡಿದೆವು. ಮಗಳು ಹೇಳಿದ್ದನ್ನೇ ನಾನು ಬರೆಯುತ್ತಿದ್ದೆ. "ನಾನು ಇವತ್ತು ಜಾರ್ಬಂಡೆ ಮೇಲಿಂದ ಬಿದ್ದೆ. ಮೊಣಕಾಲಿಗೆ ಏಟಾಯ್ತು." ಅವಳ ಮಾತು, ಅವಳ ಏಟು. ಮಾರನೇ ದಿನ ಅದನ್ನೇ ಓದುತ್ತಿದ್ದಳು. ಅರ್ಥ ಗೊತ್ತಿಲ್ಲ ಅನ್ನುವ ಪ್ರಶ್ನೆಯೇ ಇಲ್ಲ. ನೀವೂ "ಅಜ್ಜಿ ಹೋಗ್ತಾಳೆ" ಅಂತಲೇ ಬರೆದುಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಬದಲಾಯಿಸಿಕೊಳ್ಳಲು ಅವರೇ ಅನುಮತಿ ಕೊಟ್ಟಿದ್ದಾರೆ. ನಾನು ಹಂತ 1ರ ಕತೆಗಳನ್ನು ಇಳಿಸಿಕೊಂಡು, ನಮ್ಮ ಮನೆ ಮಾತಲ್ಲಿ ಬರೆದು, ಚಿತ್ರದ ಕೆಳಗೆ ಅಂಟಿಸಿದ್ದೇನೆ.

ನಿವೃತ್ತ ಮೇಷ್ಟ್ರು, ಮೈಸೂರು ರಸ್ತೆ

ಜರ್ಮನ್ ವಿಷಯ ನನಗೆ ಗೊತ್ತಿರಲಿಲ್ಲ ತಾಯಿ, ತಿಳಿಸಿದ್ದಕ್ಕೆ ಸಂತೋಷ. ಮಗುವಿನ ಮಾತನ್ನೇ ಬರೆದು ಓದಿಸುವುದು ಒಳ್ಳೆಯ ದಾರಿ. ಆದರೆ ಒಂದು ಕಷ್ಟ ಇದೆ. ಹೋಗುತ್ತಾಳೆಯಲ್ಲಿ ಇರುವುದು ತ್ತ ಮಾತ್ರ. ಅದೊಂದು ಕಲಿತರೆ ಬರುತ್ತಾಳೆ, ಮಾಡುತ್ತಾಳೆ, ತಿನ್ನುತ್ತಾಳೆ ಎಲ್ಲದರಲ್ಲೂ ಅದೇ ತುಂಡು. ಬಾಯಿಮಾತಿನಂತೆ ಬರೆದರೆ ಹೋಗ್ತಾಳೆಗೆ ಗ್ತ, ಮಾಡ್ತಾಳೆಗೆ ಡ್ತ, ಬರ್ತಾಳೆಗೆ ಅರ್ಕಾವೊತ್ತು. ಕಿವಿಗೆ ಸುಲಭ ಮಾಡಲು ಹೋಗಿ ಕಣ್ಣಿಗೆ ಕಷ್ಟ ಮಾಡಿದ ಹಾಗೆ. ಅದೂ ಅಲ್ಲದೆ ಹಾಸನದ ಮಾತು ಬೇರೆ, ಧಾರವಾಡದ ಮಾತು ಬೇರೆ. ಮುಂದೆ ಯಾವ ಪುಸ್ತಕವೂ ಹಾಗೆ ಇರುವುದಿಲ್ಲ.

ಫ್ರಾಂಕ್‌ಫರ್ಟ್ ಹಾಸನ

ಮುಂದೆ ಪುಸ್ತಕ ಓದುವುದಕ್ಕೆ ಮುಂಚೆ ಈಗ ಓದಬೇಕಲ್ವಾ ಮೇಷ್ಟ್ರೇ? ನನ್ನ ಮಗಳು ಗ್ತ, ಡ್ತ ಎರಡೂ ಓದಿದಳು, ಅದು ತನ್ನ ಮಾತು ಅನ್ನುವ ಆಸೆಗೆ. ಆದರೆ ಅವಳು ಇನ್ನೂ ಅಂಗಡಿಯ ಪುಸ್ತಕ ಸಲೀಸಾಗಿ ಓದುವುದಿಲ್ಲ, ಅದೂ ನಿಜ. ಅವಳಿಗೆ ಈಗ ಒಂಬತ್ತು.

ಬಿಎಂಟಿಸಿ ಓದುಗ

ನಾನು ಸಿಡ್ನಿಯಲ್ಲಿ ಬೆಳೆದವನು. ಎರಡು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ಚಿಕ್ಕವನಿದ್ದಾಗ ಮನೆಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓದಿಸಿದರು. ಮಾತು ಉಳಿಯಿತು. ಆದರೆ ಲ-ಳ, ನ-ಣ ಎರಡೂ ಒಂದೇ ಅಂದುಕೊಂಡು ಬೆಳೆದೆ. ಬೆಲೆ, ಬೆಳೆ ಎರಡೂ ನನಗೆ ಇವತ್ತಿಗೂ ಕಲಸುತ್ತವೆ. ಅಕ್ಷರ ಕಲಿತಿದ್ದು ಇಲ್ಲಿ ಬಸ್ ಬೋರ್ಡ್ ನೋಡಿ. ಬನಶಂಕರಿಗೆ ಒತ್ತೇ ಇಲ್ಲ, ಅದು ಮೊದಲು ಬಂತು. ಮಲ್ಲೇಶ್ವರಂ ಬರಲು ತಿಂಗಳು ಹಿಡಿಯಿತು. ಇಂಗ್ಲಿಷ್ ಅಕ್ಷರ ಬಳಸಬೇಡಿ ಅನ್ನುವುದಕ್ಕೆ ಬರೆದೆ.

ಫ್ರಾಂಕ್‌ಫರ್ಟ್ ಹಾಸನ

ಇದು ನೂರಕ್ಕೆ ನೂರು. ಜರ್ಮನ್ ಶಾಲೆಯ ಮಕ್ಕಳಿಗೆ ಇನ್ನೂ ಕಷ್ಟ. ಅವರು ಜೆ ಅಕ್ಷರವನ್ನು ಯ ಅಂತ ಓದುತ್ತಾರೆ. ನಮ್ಮಮ್ಮ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಜ್ಜಿ ಅಂತ ಬರೆದರೆ ನನ್ನ ಮಗಳು "ಅಯ್ಯಿ" ಅಂತ ಓದಿದಳು.

ಮಲ್ಲೇಶ್ವರಂ ಸುಮ

ಮೇಷ್ಟ್ರು ಕಣ್ಣಿಗೆ ದಾರಿ ಹೇಳಿದರು. ಕಿವಿಗೆ ಒಂದು ಮಾತು ಸೇರಿಸುತ್ತೇನೆ. ಅಜ್ಜಿ, ಒಂದೇ ಕತೆಯನ್ನು ನಿಮ್ಮ ದನಿಯಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ ಕಳಿಸಿ, ಪುಸ್ತಕದಲ್ಲಿ ಇರುವ ಹಾಗೇ. ಇಡೀ ವಾರ ಮಲಗುವ ಹೊತ್ತಿಗೆ ಅದನ್ನೇ ಕೇಳಲಿ. ದಿನಕ್ಕೊಂದು ಹೊಸ ಕತೆ ಬೇಡ. ಅದೇ "ಕುಡಿಯುತ್ತದೆ" ಐದಾರು ಸಲ ಕೇಳಿದ ಮೇಲೆ ಅದು ಪರದೇಶದ ಪದ ಅನಿಸುವುದಿಲ್ಲ. ಶನಿವಾರ ಆಟ ಆಡಿ. ನೀವು "ಕುಡೀತಾನೆ" ಅಂದರೆ ಅವನು ಪುಸ್ತಕದ ಮಾತು ಹೇಳಬೇಕು, ಆಮೇಲೆ ತಿರುಗಿಸಿ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಮತ್ತೆ ಮತ್ತೆ ಅಡ್ಡ ಬರುವುದು ಮೂರೇ: ಉತ್ತಾನೆ-ಉತ್ತಾಳೆ-ಉತ್ತದೆ, ಮನೇಲಿ ಬದಲು ಮನೆಯಲ್ಲಿ, ಹಾಲು ಬದಲು ಹಾಲನ್ನು.

ಬಸವನಗುಡಿ ಅಜ್ಜಿ

ಐದು ವಾರ ಆಯಿತು, ಬರೆಯಲೇಬೇಕು ಅನಿಸಿತು.

ತಮ್ಮ ತೋರಿಸಿದೆ. ಮೇಷ್ಟ್ರು ಹೇಳಿದ ಹಾಗೇ ಓದಲಾಗಲಿಲ್ಲ. "ತಮ" ಅಂದ. ಈಗ ಲ, ನ, ತ, ಮ ನಾಲ್ಕು ಒತ್ತು ಆಗಿವೆ. ಲ ಒಂದೇ ವಾರದಲ್ಲಿ ಬಂತು. ನ ಮತ್ತು ತ ಒತ್ತು ಬೆರೆಸಿಬಿಟ್ಟ, ಅನ್ನ ಬದಲು "ಅತ್ನ" ಅಂತೆಲ್ಲ ಓದಿದ. ಹಾಗಾಗಿ ತ ಗೆ ಎರಡು ವಾರ ಕೊಟ್ಟೆ. ಅಡುಗೆಮನೆ ಡಬ್ಬಿಗಳ ಮೇಲೆ ಮಗಳು ಬೆಲ್ಲ, ಅನ್ನ, ಬೆಣ್ಣೆ ಅಂತ ಚೀಟಿ ಅಂಟಿಸಿದ್ದಾಳೆ. ಕತೆ-ಕತ್ತೆ ಈಗ ಅವರ ಮನೆ ಮಾತಾಗಿದೆ, ಅಳಿಯನೂ ಸೇರಿಕೊಂಡಿದ್ದಾನೆ.

ಫ್ರಾಂಕ್‌ಫರ್ಟ್ ಅವರ ಮಾತೂ ಬಿಡಲಿಲ್ಲ. ಪುಸ್ತಕ ಬದಿಗಿಟ್ಟಿದ್ದು ನಿಜ. ಆದರೆ ಕಾಲ್‌ನ ಕೊನೆಗೆ ಅವನು ಒಂದು ವಾಕ್ಯ ಹೇಳುತ್ತಾನೆ, ನಾನು ಅವನ ಮಾತಲ್ಲೇ ಬರೆದು ಫೋಟೊ ಕಳಿಸುತ್ತೇನೆ. ಅದನ್ನು ಮಾತ್ರ ಯಾರೂ ಹೇಳದೆ ಓದುತ್ತಾನೆ.

"ಹಾಗೇ ಯಾಕೆ ಬರೆದಿಲ್ಲ" ಅನ್ನುವುದಕ್ಕೆ ಉತ್ತರ ಮಗಳೇ ಕೊಟ್ಟಳು. ಅವರ ಊರಿನ ಕಡೆ ಹಳೇ ಜನ ಬೇರೆ ಥರದ ಜರ್ಮನ್ ಮಾತಾಡುತ್ತಾರಂತೆ, ಶ್ವಾಬಿಶ್ ಅಂತ. "ನನ್ನ ಹತ್ತಿರ ಇದೆ" ಅನ್ನಲು ಪುಸ್ತಕದಲ್ಲಿ "ಇಶ್ ಹಾಬೆ", ಪಕ್ಕದ ಮನೆ ಅಜ್ಜಿಯ ಬಾಯಲ್ಲಿ "ಇ ಹನ್". "ಆ ಅಜ್ಜಿ ಮಾತು ನಿನ್ನ ಸ್ಕೂಲ್ ಪುಸ್ತಕದಲ್ಲಿ ಇದೆಯಾ?" ಅಂತ ಕೇಳಿದಳಂತೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಓ, ನಮ್ಮದೂ ಹಾಗೇನಾ" ಅಂದನಂತೆ.

ರಾತ್ರಿ ಕತೆ ಕೇಳುತ್ತಾನೆ. ಹೋದ ಶನಿವಾರ ಪುಸ್ತಕ ತಾನೇ ಕೇಳಿದ, ಇನ್ನೂ ಆರು ವಾರ ಆಗಿಲ್ಲ ಅಂದರೂ ಬಿಡಲಿಲ್ಲ. ಮೊದಲ ಎರಡು ಪುಟ ಓದಿದ. "ಕುಡಿಯುತ್ತದೆ" ಬಂದಾಗ ನಿಂತ, ಬೆರಳು ಇಳಿಸಿದ, ಓದಿದ. ಮೂರನೇ ಪುಟದಲ್ಲಿ "ಸೂರ್ಯ" ಬಂತು. "ಇದು ನೀವು ಓದಿ" ಅಂದ.

ಹೋಂವರ್ಕ್ ಮುಗಿದ ಮೇಲೆ ಜರ್ಮನ್ ಉಳಿಯುವುದು ಮಾತ್ರ ಹಾಗೇ ಇದೆ. ಪುಸ್ತಕ ಮುಚ್ಚಿದ ತಕ್ಷಣ ನನಗೆ ಐದು ನಿಮಿಷ ಫೋನ್ ಮಾಡಿಸು ಅಂದಿದ್ದೇನೆ, ಅಲ್ಲಿಂದ ಕನ್ನಡಕ್ಕೆ ತಿರುಗಲಿ ಅಂತ. ಎರಡು ದಿನ ಮಾಡಿದ, ಮೂರನೇ ದಿನ ಆಟಕ್ಕೆ ಓಡಿದ.

ವರ್ತೂರು ಕೆರೆ ಕಡೆಯವಳು

ಅಜ್ಜಿ, ಓದಿ ಖುಷಿಯಾಯಿತು. ನಾವು ರ ಗ ಸ ದ ಅ ಮುಗಿಸಿ ಎರಡನೇ ಗುಂಪಿಗೆ ಬಂದಿದ್ದೇವೆ. ಮಗಳು ವು ನೋಡಿ ಮ ಅಂತ ಓದುತ್ತಾಳೆ. ಮೇಷ್ಟ್ರೇ, ಎರಡೂ ಒಂದೇ ಥರ ಕಾಣುತ್ತವಲ್ಲ, ಅದಕ್ಕೇನು ಮಾಡಲಿ?

ನಿವೃತ್ತ ಮೇಷ್ಟ್ರು, ಮೈಸೂರು ರಸ್ತೆ

ವು ಈಗಲೇ ಯಾಕೆ ಬಂತು ತಾಯಿ? ಕೊಂಬು ಆಮೇಲೆ. ಈಗ ಮ, ವ ಮಾತ್ರ ಸಾಕು. ಕೊಂಬು ಕಲಿಸುವಾಗ ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಬರೆದು ಬಾಲ ಎಲ್ಲಿ ನಿಲ್ಲುತ್ತೆ ಅಂತ ನೋಡಿಸಿ. ಮ ದಲ್ಲಿ ಬಾಲ ಮೇಲಕ್ಕೆ ಹೋಗುತ್ತೆ, ವು ನಲ್ಲಿ ಕೆಳಗೇ ಉಳಿಯುತ್ತೆ. ಮರಳಿನ ತಟ್ಟೆಯಲ್ಲಿ ಬೆರಳಿಂದ ಬರೆಸಿದರೆ ಇನ್ನೂ ಒಳ್ಳೆಯದು.

ಬಸವನಗುಡಿಯ ತಾಯಿಯವರೇ, ಸೂರ್ಯ ಇರುವ ಪುಟ ಸದ್ಯ ನೀವೇ ಓದಿ. ಯ ಒತ್ತು ಮುಗಿದ ಮೇಲೆ ಅರ್ಕಾವೊತ್ತಿಗೆ ಬರೋಣ.